ಬೇಡ ಎನ್ನಲು ದಾರಿ ಬಿಟ್ಟು ಕೇಳುವುದು

ಪಾವಗಡ ತಾಲ್ಲೂಕಿನ ಕೆಲವು ಹಳ್ಳಿಗಳಲ್ಲಿ ನಡೆದ ಒಂದು ಅಧ್ಯಯನಕ್ಕೆ ನಾನು ಕ್ಷೇತ್ರ ಸಂಯೋಜಕಿಯಾಗಿದ್ದೆ. ಕೊಳವೆ ಬಾವಿ ನೀರಿನ ಫ್ಲೋರೈಡಿಗೂ ನಲವತ್ತು ದಾಟಿದವರ ಕೀಲುನೋವಿಗೂ ಎಷ್ಟು ನಂಟಿದೆ ಎಂದು ನೋಡುವುದು ಉದ್ದೇಶ. ಒಬ್ಬೊಬ್ಬರಿಂದ ನಾವು ಬಯಸುತ್ತಿದ್ದುದು ಅರ್ಧ ಗಂಟೆಯ ಮಾತುಕತೆ, ಕುಡಿಯುವ ನೀರು ಒಂದು ಬಾಟಲಿ, ಬೆಳಗಿನ ಮೂತ್ರದ ಮಾದರಿ ಮತ್ತು ಮೂರು ಸಣ್ಣ ಚಲನೆಗಳು. ಮಂಡಿ ಮಡಿಸದೆ ಬಗ್ಗಿ ನೆಲದ ಮೇಲಿನ ನಾಣ್ಯ ಎತ್ತಬೇಕು, ಗಲ್ಲವನ್ನು ಎದೆಗೆ ತಾಗಿಸಬೇಕು, ತೋಳು ಚಾಚಿ ಮಡಿಸಿ ತಲೆಯ ಹಿಂಭಾಗ ಮುಟ್ಟಬೇಕು. ಫ್ಲೋರೈಡ್ ಸೇರಿ ಮೂಳೆ ಕೀಲು ಬಿಗಿಯುವ ಫ್ಲೋರೋಸಿಸ್ ಕಾಯಿಲೆ ಇರಬಹುದೇ ಎಂದು ಮೊದಲ ನೋಟಕ್ಕೆ ತಿಳಿಯಲು ಈ ಮೂರನ್ನು ಮಾಡಿಸುತ್ತಾರೆ. ಸೂಜಿ ಚುಚ್ಚುವುದಿಲ್ಲ, ರಕ್ತ ತೆಗೆಯುವುದಿಲ್ಲ, ಮಾತ್ರೆ ಕೊಡುವುದಿಲ್ಲ.

ಇಷ್ಟಕ್ಕೂ ಮೊದಲು ಒಪ್ಪಿಗೆ ಬೇಕು. ನಮಗೆ ಕೊಟ್ಟಿದ್ದ ಒಪ್ಪಿಗೆ ಪತ್ರ ನಾಲ್ಕು ಪುಟದ್ದು, ಕಚೇರಿಯ ಕನ್ನಡದ್ದು. ನಾವು ಹೋಗುತ್ತಿದ್ದ ಮನೆಗಳ ಹಿರಿಯರಲ್ಲಿ ಓದಲು ಬಾರದವರೇ ಹೆಚ್ಚು. ಹಾಗಾಗಿ ಕಾಗದದ ಬದಲು ಬಾಯಿಮಾತಿನಲ್ಲಿ ಒಪ್ಪಿಗೆ ಕೇಳುವುದು, ಆ ಮಾತನ್ನು ಎಲ್ಲ ಮನೆಯಲ್ಲೂ ಒಂದೇ ರೀತಿ ಹೇಳಲು ಬರೆದಿಟ್ಟುಕೊಳ್ಳುವುದು ಎಂದು ತೀರ್ಮಾನವಾಯಿತು. ಬರೆಯುವ ಹೊಣೆ ನನಗೆ ಬಂತು. ಹೇಗೆ ಬರೆದೆ, ಇಂಥ ಅಧ್ಯಯನಗಳನ್ನು ಪರಿಶೀಲಿಸಿ ಅನುಮತಿ ಕೊಡುವ ನೈತಿಕ ಸಮಿತಿ ಏನು ಬದಲಿಸಿತು, ಊರಿನಲ್ಲಿ ಆ ಮಾತಿಗೆ ಏನಾಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಇಂಥ ಕೆಲಸಕ್ಕೆ ಹೊರಟವರಿಗೆ ಇದರಿಂದ ಏನಾದರೂ ದಕ್ಕಲಿ ಎಂಬುದು ನನ್ನ ಆಸೆ.

ಬಾಯಿಮಾತಿನ ಒಪ್ಪಿಗೆ ಎಂದರೆ ನಿಯಮದಿಂದ ಬಿಡುಗಡೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2017ರಲ್ಲಿ ಹೊರತಂದ ನೈತಿಕ ಮಾರ್ಗಸೂಚಿಯ ಪ್ರಕಾರ, ಓದು ಬಾರದವರಿಂದ ಒಪ್ಪಿಗೆ ಪಡೆಯುವಾಗ ಅಧ್ಯಯನಕ್ಕೆ ಸಂಬಂಧವಿಲ್ಲದ, ಓದುಬರಹ ಬಲ್ಲ ಸಾಕ್ಷಿಯೊಬ್ಬರು ಮೊದಲಿನಿಂದ ಕೊನೆಯವರೆಗೆ ಜೊತೆಗಿರಬೇಕು. ಬರಿಯ ಮಾತಿನಲ್ಲಿ ಒಪ್ಪಿಗೆ ಪಡೆಯುವುದಾದರೆ ನೈತಿಕ ಸಮಿತಿಯ ಅನುಮತಿ ಮೊದಲೇ ಇರಬೇಕು. ನಮ್ಮ ಸಮಿತಿ ಅನುಮತಿ ಕೊಟ್ಟಿತು, ಆದರೆ ಸುಮ್ಮನೆ ಕೊಡಲಿಲ್ಲ. ಸದಸ್ಯರೊಬ್ಬರು 2009ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ ಹೆಣ್ಣುಮಕ್ಕಳಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹಾಕಿದ ಯೋಜನೆಯನ್ನು ನೆನಪಿಸಿದರು. ಅಲ್ಲಿ ಎಷ್ಟೋ ಮಕ್ಕಳ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದವರು ತಂದೆತಾಯಿಯಲ್ಲ, ವಿದ್ಯಾರ್ಥಿನಿಲಯದ ವಾರ್ಡನ್‌ಗಳು. 2010ರಲ್ಲಿ ಆ ಯೋಜನೆಯನ್ನು ನಿಲ್ಲಿಸಬೇಕಾಯಿತು, ವಿಷಯ ಸಂಸತ್ತಿನ ಸ್ಥಾಯಿ ಸಮಿತಿಯವರೆಗೂ ಹೋಯಿತು. "ಕಾಗದವಿತ್ತು, ಸಹಿ ಇತ್ತು, ಕೇಳಬೇಕಾದವರನ್ನು ಮಾತ್ರ ಕೇಳಿರಲಿಲ್ಲ. ನಿಮ್ಮ ಹಳ್ಳಿಯಲ್ಲಿ ವಾರ್ಡನ್ನಿನ ಜಾಗದಲ್ಲಿ ನಿಲ್ಲುವವರು ಯಾರು ಎಂದು ಯೋಚಿಸಿ ಬನ್ನಿ" ಎಂದು ಅವರು ಹೇಳಿ ಕಳಿಸಿದರು.

ಉತ್ತರಕ್ಕೆ ಬಹಳ ಹುಡುಕಬೇಕಾಗಿರಲಿಲ್ಲ. ಹೆಂಡತಿಯ ಪರವಾಗಿ ಗಂಡ ನಿಲ್ಲುತ್ತಾನೆ, ತಾಯಿಯ ಪರವಾಗಿ ಮಗ, ಕೂಲಿಯವರ ಪರವಾಗಿ ಹೊಲದ ಯಜಮಾನ, ಇಡೀ ಕೇರಿಯ ಪರವಾಗಿ ಗ್ರಾಮ ಪಂಚಾಯಿತಿ ಸದಸ್ಯ. ಅವರೆಲ್ಲ ಒಳ್ಳೆಯ ಮನಸ್ಸಿನಿಂದಲೇ "ಮಾಡಿಕೊಳ್ಳಿ ಮೇಡಂ, ನಮ್ಮವರೇ" ಎನ್ನುತ್ತಾರೆ. ಆ ಒಂದು ಮಾತು ಬಿದ್ದ ಮೇಲೆ ಒಳಗೆ ಕುಳಿತ ಹೆಂಗಸು ಬೇಡ ಎನ್ನುವುದು ಎಷ್ಟು ಕಷ್ಟ ಎಂದು ಹಳ್ಳಿಯಲ್ಲಿ ಬೆಳೆದ ಯಾರಿಗೂ ಹೇಳಬೇಕಾಗಿಲ್ಲ. ಹಾಗಾಗಿ ಮಾತಿನ ಮೊದಲ ಭಾಗವನ್ನು ಮನೆಯ ಯಜಮಾನರಿಗಾಗಿಯೇ ಬರೆದೆ:

"ನಿಮ್ಮ ಮನೆಯ ಜಗಲಿಯಲ್ಲಿ ಕುಳಿತು ಮಾತನಾಡಲು ನಿಮ್ಮ ಅನುಮತಿ ಕೇಳುತ್ತಿದ್ದೇನೆ. ಅಷ್ಟು ಮಾತ್ರ ನಿಮ್ಮನ್ನು ಕೇಳುವುದು. ಅಧ್ಯಯನಕ್ಕೆ ಸೇರುವುದೋ ಬಿಡುವುದೋ ಅಮ್ಮನವರೇ ಹೇಳಬೇಕು. ಅವರ ಪರವಾಗಿ ನೀವು ಹೂಂ ಎಂದರೂ ನಾವು ಬರೆದುಕೊಳ್ಳುವ ಹಾಗಿಲ್ಲ, ಬೇಡ ಎಂದರೂ ಬರೆದುಕೊಳ್ಳುವ ಹಾಗಿಲ್ಲ."

ಕೊನೆಯ ವಾಕ್ಯ ಬಹಳ ಕೆಲಸ ಮಾಡಿತು. ನಿಯಮ ನಮ್ಮ ಕೈಯನ್ನೇ ಕಟ್ಟಿದೆ ಎಂದು ತಿಳಿದಾಗ ಗಂಡಸರಿಗೆ ಅವಮಾನವಾದಂತೆ ಆಗುತ್ತಿರಲಿಲ್ಲ. ಬಹಳ ಮಂದಿ ತಾವಾಗಿಯೇ ಎದ್ದು ಹೊರಗೆ ಹೋಗುತ್ತಿದ್ದರು.

ಎರಡನೆಯ ಭಾಗ ನಾವು ಯಾರು, ಯಾರಲ್ಲ ಎಂಬುದು. ಜೀಪು ಬಂದು ನಿಂತರೆ, ಜೊತೆಗೆ ಆಶಾ ಕಾರ್ಯಕರ್ತೆ ಇಳಿದರೆ, ಊರಿನ ಕಣ್ಣಿಗೆ ನಾವು ಸರ್ಕಾರದವರು. ಸರ್ಕಾರದವರಿಗೆ ಬೇಡ ಎಂದರೆ ಪಡಿತರ ಚೀಟಿ ಹೋಗಬಹುದು, ವೃದ್ಧಾಪ್ಯ ವೇತನ ನಿಲ್ಲಬಹುದು ಎಂಬ ಭಯ ಇದ್ದೇ ಇರುತ್ತದೆ. ಬಿಪಿಎಲ್ ಚೀಟಿಗಳ ಪರಿಶೀಲನೆಯ ಸುದ್ದಿ ಬಂದಾಗಲಂತೂ ಮನೆಗೆ ಬಂದು ಬರೆದುಕೊಳ್ಳುವ ಯಾರನ್ನು ಕಂಡರೂ ಅನುಮಾನ. "ಭಾಗವಹಿಸುವಿಕೆ ಸ್ವಯಂಪ್ರೇರಿತ" ಎಂಬ ಅಚ್ಚಿನ ವಾಕ್ಯ ಈ ಭಯವನ್ನು ಮುಟ್ಟುವುದೇ ಇಲ್ಲ. ಭಯದ ಹೆಸರು ಹಿಡಿದೇ ಹೇಳಬೇಕು:

"ನಾವು ಸರ್ಕಾರದಿಂದ ಬಂದಿಲ್ಲ. ಪಡಿತರ ಚೀಟಿ, ಪಿಂಚಣಿ, ಗೃಹಲಕ್ಷ್ಮಿಯ ಹಣ, ಉದ್ಯೋಗ ಖಾತರಿ ಕೆಲಸ, ಯಾವುದಕ್ಕೂ ಇದಕ್ಕೂ ಸಂಬಂಧವಿಲ್ಲ. ನೀವು ಸೇರಿದರೆ ಅವು ಹೆಚ್ಚು ಸಿಗುವುದಿಲ್ಲ, ಸೇರದಿದ್ದರೆ ನಿಲ್ಲುವುದಿಲ್ಲ. ಆಸ್ಪತ್ರೆಯಲ್ಲಿ ನಿಮ್ಮನ್ನು ನೋಡುವ ರೀತಿಯೂ ಬದಲಾಗುವುದಿಲ್ಲ. ಆಧಾರ್ ಸಂಖ್ಯೆ ನಾವು ಕೇಳುವುದಿಲ್ಲ, ನೀವು ಕೊಟ್ಟರೂ ಬರೆದುಕೊಳ್ಳುವುದಿಲ್ಲ."

ಆಧಾರ್ ಕೇಳುವುದಿಲ್ಲ ಎಂದ ಕ್ಷಣ ಹೆಗಲು ಸಡಿಲವಾಗುವುದನ್ನು ನಾನು ಎದುರು ಕುಳಿತು ನೋಡಿದ್ದೇನೆ. ಒಳಗೆ ಹೋಗಿ ಟ್ರಂಕಿನಿಂದ ಪ್ಲಾಸ್ಟಿಕ್ ಚೀಲ ತೆಗೆದು, ಅದರಲ್ಲಿನ ಎಲ್ಲ ಕಾಗದಗಳನ್ನು ನಮ್ಮ ಮುಂದೆ ಹರವಲು ಸಿದ್ಧವಾದವರು ಆ ಮಾತು ಕೇಳಿ ಚೀಲವನ್ನು ಮತ್ತೆ ಗಂಟು ಹಾಕುತ್ತಿದ್ದರು.

ಭಯದ ಎದುರಿಗೇ ಆಸೆಯೂ ಕುಳಿತಿರುತ್ತದೆ. ಕೀಲುನೋವಿನ ಬಗ್ಗೆ ಯಾರೋ ಕೇಳಲು ಬಂದಿದ್ದಾರೆ ಎಂದರೆ ಔಷಧಿ ಬರುತ್ತದೆ, ಇಲ್ಲವೇ ಊರಿಗೆ ಶುದ್ಧ ನೀರಿನ ಘಟಕ ಬರುತ್ತದೆ ಎಂದು ಜನ ನಂಬುತ್ತಾರೆ. ಆ ನಂಬಿಕೆಯ ಮೇಲೆ ಬಂದ ಒಪ್ಪಿಗೆ ಒಪ್ಪಿಗೆಯಲ್ಲ. ಮೂಳೆಯಲ್ಲಿ ಕುಳಿತ ಫ್ಲೋರೈಡನ್ನು ತೆಗೆದುಹಾಕುವ ಮದ್ದಿಲ್ಲ. ನೀರು ಬದಲಿಸಿದರೆ ಮುಂದೆ ಹೆಚ್ಚಾಗುವುದನ್ನು ತಡೆಯಬಹುದು, ಅಷ್ಟೇ. ಇದನ್ನು ಒಪ್ಪಿಗೆಗೆ ಮೊದಲೇ ಹೇಳಬೇಕೋ ಬೇಡವೋ ಎಂದು ನಮ್ಮ ತಂಡದಲ್ಲಿ ವಾದ ನಡೆಯಿತು. ಹೇಳಿದರೆ ಯಾರೂ ಸೇರುವುದಿಲ್ಲ ಎಂದು ಕೆಲವರ ಅಳುಕು. ಹಾಗೆ ಯಾರೂ ಸೇರದಿದ್ದರೆ ಅದೇ ಅವರ ಉತ್ತರ, ಅದನ್ನು ಮುಚ್ಚಿಟ್ಟು ಬೇರೆ ಉತ್ತರ ಪಡೆಯುವ ಹಕ್ಕು ನಮಗಿಲ್ಲ ಎಂಬುದು ನನ್ನ ನಿಲುವಾಗಿತ್ತು. ಕೊನೆಗೆ ಹೀಗೆ ಬರೆದೆವು: "ಇದರಿಂದ ನಿಮ್ಮ ನೋವು ವಾಸಿಯಾಗುವುದಿಲ್ಲ. ನಾವು ಔಷಧಿ ಕೊಡುವುದಿಲ್ಲ. ನೀರಿನ ಘಟಕ ತರುತ್ತೇವೆ ಎಂದೂ ಮಾತು ಕೊಡುವುದಿಲ್ಲ. ನಿಮ್ಮ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂದು ಮಾತ್ರ ನಿಮಗೆ ತಿಳಿಸುತ್ತೇವೆ." ಜನ ಸೇರಿದರು. ತಮ್ಮ ನೀರಿನಲ್ಲಿ ಏನಿದೆ ಎಂಬುದು ಅವರಿಗೂ ಬೇಕಿತ್ತು.

ದುಡ್ಡಿನ ಮಾತನ್ನೂ ಇಲ್ಲೇ ಹೇಳುತ್ತೇನೆ. ಕಳೆದ ಹೊತ್ತಿಗಾಗಿ 150 ರೂಪಾಯಿ ಕೊಡುತ್ತಿದ್ದೆವು. ಅದು ಅರ್ಧ ದಿನದ ಕೂಲಿಗಿಂತ ಹೆಚ್ಚಾಗಬಾರದು, ದುಡ್ಡಿಗಾಗಿಯೇ ಒಪ್ಪುವಂತಾಗಬಾರದು ಎಂದು ಸಮಿತಿ ಹೇಳಿತ್ತು. ಮಧ್ಯದಲ್ಲಿ ಎದ್ದು ಹೋದವರಿಗೂ ಪೂರ್ತಿ ಮೊತ್ತ ಕೊಡಬೇಕು ಎಂಬುದು ಸಮಿತಿಯದೇ ಷರತ್ತು. ಇಲ್ಲದಿದ್ದರೆ ದುಡ್ಡೇ ಜನರನ್ನು ಕೊನೆಯವರೆಗೆ ಕಟ್ಟಿ ಕೂರಿಸುತ್ತದೆ.

ಮುಂದಿನದು ನನಗೆ ಬಹಳ ಮುಖ್ಯವೆನಿಸಿದ ಭಾಗ. ನಮ್ಮ ಹಳ್ಳಿಗಳಲ್ಲಿ ಮನೆಗೆ ಬಂದವರ ಮುಖದ ಮೇಲೆ ಬೇಡ ಎನ್ನುವ ಪದ್ಧತಿ ಇಲ್ಲ. "ನಾಳೆ ಬನ್ನಿ", "ಮಗ ಬರಲಿ, ಕೇಳುತ್ತೇನೆ", "ಹಬ್ಬ ಕಳೆಯಲಿ", "ನೋಡೋಣ" ಎನ್ನುತ್ತಾರೆ. ಕೆಲವರು ಚಹಾ ಕೊಟ್ಟು, ಮಳೆ ಬೆಳೆಯ ಮಾತಾಡಿ, ಬಂದ ವಿಷಯವನ್ನು ಎತ್ತದೆಯೇ ಕಳಿಸುತ್ತಾರೆ. ಗುರಿಮುಟ್ಟುವ ಆತುರದಲ್ಲಿರುವ ಸಮೀಕ್ಷಕರು ಇದನ್ನು "ಇನ್ನೂ ತೀರ್ಮಾನವಾಗಿಲ್ಲ" ಎಂದು ಬರೆದುಕೊಂಡು ಮೂರು ನಾಲ್ಕು ಬಾರಿ ಹೋಗುತ್ತಾರೆ. ಕೊನೆಗೆ ಮನೆಯವರು ಸಾಕಾಗಿ ಹೂಂ ಎನ್ನುತ್ತಾರೆ. ನಮ್ಮ ನಿಯಮ ಹೀಗಿತ್ತು: ಮೊದಲ ಬಾರಿ ನಾಳೆ ಎಂದರೆ ಒಮ್ಮೆ ಹೋಗಬಹುದು. ಎರಡನೆಯ ಬಾರಿಯೂ ನಾಳೆ ಎಂದರೆ ನಿರಾಕರಣೆ ಎಂದು ಬರೆದು ಬರಬೇಕು. ಮೂರನೆಯ ಸಲ ಆ ಬಾಗಿಲಿಗೆ ಹೋಗಬಾರದು.

ಅದರ ಜೊತೆಗೆ, ಮಾತಿನೊಳಗೇ ನಿರಾಕರಿಸುವ ವಾಕ್ಯವನ್ನು ನಾವೇ ಅವರ ಕೈಗೆ ಕೊಟ್ಟೆವು: "ಬೇಡ ಎನಿಸಿದರೆ ಕಾರಣ ಹೇಳಬೇಕಾಗಿಲ್ಲ. 'ನನಗೆ ಬಿಡುವಿಲ್ಲ' ಎಂದರೆ ಸಾಕು, ನಾವು ಎದ್ದು ಹೋಗುತ್ತೇವೆ. ಈ ಬೀದಿಯಲ್ಲಿ ಬೇಡ ಎಂದವರೂ ಇದ್ದಾರೆ, ಅವರ ಮೇಲೆ ನಮಗೇನೂ ಬೇಸರವಿಲ್ಲ." ಕೊನೆಯ ವಾಕ್ಯವನ್ನು ಬೀದಿಯಲ್ಲಿ ನಿಜವಾಗಿಯೂ ಯಾರಾದರೂ ಬೇಡ ಎಂದ ಮೇಲೆ ಮಾತ್ರ ಹೇಳಬೇಕೆಂದು ಅಂಚಿನಲ್ಲಿ ಬರೆದಿಟ್ಟಿದ್ದೆ. ಸುಳ್ಳು ಹೇಳಿ ಧೈರ್ಯ ತುಂಬುವುದು ಬೇಡವಾಗಿತ್ತು. ಬೇಡ ಎಂದವರು ಯಾರು ಎಂದು ಕೇಳಿದರೆ ಹೇಳಬಾರದೆಂದೂ ಅಲ್ಲೇ ಬರೆದಿತ್ತು.

ಒಂದು ಮನೆಯ ಕಥೆ ಹೇಳುತ್ತೇನೆ, ಆಗ ಈ ಮಾತುಗಳು ಹೇಗೆ ನಡೆಯುತ್ತವೆ ಎಂದು ತಿಳಿಯುತ್ತದೆ. ಅರವತ್ತರ ಆಸುಪಾಸಿನ ತಾಯಿ, ಹೊಲಕ್ಕೆ ಹೊರಟಿದ್ದ ಮಗ, ಸೊಸೆ. ತಾಯಿಗೆ ಬೆನ್ನು ಬಾಗಿತ್ತು. ನಮ್ಮ ಅಧ್ಯಯನ ಹುಡುಕುತ್ತಿದ್ದುದೇ ಅಂಥವರನ್ನು. ಮಗ ಬೈಕಿನ ಮೇಲೆ ಕುಳಿತೇ "ಅಮ್ಮನದು ನಾನು ಹೇಳುತ್ತೇನೆ, ಬರೆದುಕೊಳ್ಳಿ" ಎಂದ. ಮೊದಲ ಭಾಗವನ್ನು ಹೇಳಿದೆ. ಅವನು ಒಂದು ಕ್ಷಣ ತಡೆದು, "ಸರಿ, ಅವಳನ್ನೇ ಕೇಳಿ" ಎಂದು ಹೊರಟ. ಸಾಕ್ಷಿಯಾಗಿ ಪಕ್ಕದ ಮನೆಯ ಪಿಯುಸಿ ಮುಗಿಸಿದ ಹುಡುಗಿ ಬಂದಳು. ಸಾಕ್ಷಿಯನ್ನು ಯಾವಾಗಲೂ ಅಧ್ಯಯನಕ್ಕೆ ಸೇರುವವರೇ ಆರಿಸಬೇಕು, ನಾವಲ್ಲ. ಆಶಾ ಕಾರ್ಯಕರ್ತೆಯನ್ನು ಸಾಕ್ಷಿ ಮಾಡುತ್ತಿರಲಿಲ್ಲ, ಏಕೆಂದರೆ ಮನೆ ತೋರಿಸಿಕೊಟ್ಟವರು ಅವರೇ, ಮನೆಯವರಿಗೆ ಅವರ ಮೇಲೆ ದಾಕ್ಷಿಣ್ಯ ಇರುತ್ತದೆ.

ಎರಡನೆಯ ಭಾಗ ಮುಗಿಯುವ ಮೊದಲೇ ಆ ತಾಯಿ "ಹೆಬ್ಬೆಟ್ಟು ಎಲ್ಲಿ ಒತ್ತಬೇಕಮ್ಮಾ?" ಎಂದು ಎಡಗೈ ಮುಂದೆ ಚಾಚಿದರು. ಈ ಪ್ರಶ್ನೆ ಬೇಗ ಬಂದರೆ ಮಾತು ಕಿವಿಗೆ ಬಿದ್ದಿಲ್ಲ ಎಂದೇ ತಿಳಿಯಬೇಕು. ಬ್ಯಾಂಕಿನಲ್ಲಿ, ಸಂಘದಲ್ಲಿ, ತಾಲ್ಲೂಕು ಕಚೇರಿಯಲ್ಲಿ ಅವರಿಗೆ ಅಭ್ಯಾಸವಾಗಿರುವುದು ಅದೇ. "ಹೆಬ್ಬೆಟ್ಟು ಬೇಡಮ್ಮ, ಮಾತು ಸಾಕು" ಎಂದಾಗ ಅವರು ಕೈ ಹಿಂದಕ್ಕೆ ತೆಗೆದುಕೊಂಡು ನನ್ನ ಮುಖವನ್ನು ಮೊದಲ ಸಲ ನೇರವಾಗಿ ನೋಡಿದರು. ಅಲ್ಲಿಂದ ಅವರು ಪ್ರಶ್ನೆ ಕೇಳತೊಡಗಿದರು. ಮೂತ್ರ ಏತಕ್ಕೆ? ದೇಹಕ್ಕೆ ಸೇರಿದ ಫ್ಲೋರೈಡಿನ ಒಂದು ಪಾಲು ಅದರಲ್ಲಿ ಹೊರಗೆ ಹೋಗುತ್ತದೆ, ಅದನ್ನು ಅಳೆಯುತ್ತಾರೆ ಎಂದೆ. ಅದರಲ್ಲಿ ಬೇರೆ ಏನನ್ನಾದರೂ ನೋಡುತ್ತೀರಾ? ಇಲ್ಲ, ಸಕ್ಕರೆ ಕಾಯಿಲೆಯನ್ನೂ ನೋಡುವುದಿಲ್ಲ, ಅಳತೆ ಮುಗಿದ ಮೇಲೆ ಚೆಲ್ಲುತ್ತಾರೆ ಎಂದೆ.

ಮಾತು ಮುಗಿದ ಮೇಲೆ ಮೂರು ಪ್ರಶ್ನೆ ಕೇಳುವುದು ನಮ್ಮ ಕ್ರಮ. "ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ನೋಡಿಕೊಳ್ಳಬೇಕು, ಸ್ವಲ್ಪ ಹೇಳಿ" ಎಂದು ಶುರುಮಾಡುತ್ತಿದ್ದೆವು. ಇಲ್ಲದಿದ್ದರೆ ಶಾಲೆಯ ಪರೀಕ್ಷೆಯಂತಾಗಿ ಹಿರಿಯರಿಗೆ ಮುಜುಗರವಾಗುತ್ತದೆ. ನೀವು ಬೇಡ ಎಂದರೆ ಏನಾಗುತ್ತದೆ? ಇದರಿಂದ ನಿಮಗೆ ಔಷಧಿ ಸಿಗುತ್ತದೆಯೇ? ನೀವು ಹೇಳಿದ್ದು ಯಾರಿಗೆ ಗೊತ್ತಾಗುತ್ತದೆ? ಮೊದಲೆರಡಕ್ಕೆ ಆ ತಾಯಿಯ ಉತ್ತರ ಸ್ಪಷ್ಟವಾಗಿತ್ತು. ಮೂರನೆಯದಕ್ಕೆ "ಬೆಂಗಳೂರಿನವರಿಗೆಲ್ಲ" ಎಂದರು. ಆ ಭಾಗವನ್ನು ಮತ್ತೆ ಹೇಳಿದೆ. ಎರಡು ಸಲ ಹೇಳಿದ ಮೇಲೂ ಉತ್ತರ ತಪ್ಪಾದರೆ ಆ ದಿನ ಸೇರಿಸಿಕೊಳ್ಳುವಂತಿರಲಿಲ್ಲ. ಅವರು ಎರಡನೆಯ ಸಲ ಸರಿಯಾಗಿ ಹೇಳಿದರು.

ಅನಂತರ ಒಂದೊಂದಕ್ಕೂ ಬೇರೆಬೇರೆ ಒಪ್ಪಿಗೆ. ಮಾತುಕತೆಗೆ ಹೂಂ. ನೀರಿಗೆ ಹೂಂ. ಚಲನೆಗಳಿಗೆ ಹೂಂ. ಮೂತ್ರದ ಮಾದರಿಗೆ ಅವರು ತಲೆ ಅಲ್ಲಾಡಿಸಿ "ಅದೊಂದು ಬೇಡ" ಎಂದರು. ಒಪ್ಪಿಗೆಯ ಮಾತಿನ ಧ್ವನಿ ಮುದ್ರಣಕ್ಕೂ ಬೇಡ ಎಂದರು. ನನಗೆ ಬಹಳ ಸಂತೋಷವಾಯಿತು. ಒಂದೇ ಉಸಿರಿನಲ್ಲಿ ಎಲ್ಲವನ್ನೂ ಕೇಳಿದ್ದರೆ ಅವರು ಎಲ್ಲಕ್ಕೂ ಒಪ್ಪುತ್ತಿದ್ದರು, ಇಲ್ಲವೇ ಎಲ್ಲವನ್ನೂ ಬಿಡುತ್ತಿದ್ದರು. ಒಪ್ಪಿಗೆಯನ್ನು ತುಂಡು ಮಾಡಿ ಕೇಳಿ ಎಂದು ಸಮಿತಿ ಹೇಳಿದ್ದರ ಬೆಲೆ ಆ ಜಗಲಿಯ ಮೇಲೆ ತಿಳಿಯಿತು. ಧ್ವನಿ ಮುದ್ರಿಸುವ ಬದಲು ಸಾಕ್ಷಿಯ ಹುಡುಗಿ ನಮೂನೆಯಲ್ಲಿ ಯಾವುದಕ್ಕೆ ಹೂಂ, ಯಾವುದಕ್ಕೆ ಬೇಡ ಎಂದು ಗುರುತಿಸಿ ಸಹಿ ಹಾಕಿದಳು. ಅಷ್ಟಾದ ಮೇಲೆ ಅವಳನ್ನು ಮನೆಗೆ ಕಳಿಸಿದೆವು. ಸಾಕ್ಷಿ ಇರಬೇಕಾದ್ದು ಒಪ್ಪಿಗೆಗೆ ಮಾತ್ರ; ಹೆರಿಗೆ, ಕಾಯಿಲೆ, ಮನೆಯ ಖರ್ಚಿನ ಪ್ರಶ್ನೆಗಳು ಪಕ್ಕದ ಮನೆಯವರ ಕಿವಿಗೆ ಬೀಳಬೇಕಾಗಿಲ್ಲ. ಎಷ್ಟೋ ಕಡೆ ಸಾಕ್ಷಿಯನ್ನು ಕೊನೆಯವರೆಗೂ ಕೂರಿಸಿಕೊಳ್ಳುವುದನ್ನು ಕಂಡಿದ್ದೇನೆ. ಗೋಪ್ಯತೆಯ ಮಾತು ಕೊಟ್ಟ ಐದು ನಿಮಿಷಕ್ಕೆ ಅದನ್ನು ಮುರಿದಂತೆ ಅದು.

ಗೋಪ್ಯತೆಯ ಭಾಗವನ್ನು ನಾನು ಬೇರೆಲ್ಲಕ್ಕಿಂತ ಹೆಚ್ಚು ಸಲ ತಿದ್ದಿ ಬರೆದೆ. ಸಿದ್ಧ ನಮೂನೆಗಳಲ್ಲಿ "ನಿಮ್ಮ ಮಾಹಿತಿಯನ್ನು ಸಂಪೂರ್ಣ ಗೌಪ್ಯವಾಗಿಡಲಾಗುವುದು" ಎಂದಿರುತ್ತದೆ. ಹಳ್ಳಿಯಲ್ಲಿ ಇದು ನಿಲ್ಲದ ಮಾತು. ಮನೆಯ ಮುಂದೆ ಜೀಪು ನಿಂತಿದ್ದನ್ನು ಇಡೀ ಬೀದಿ ನೋಡಿರುತ್ತದೆ, ಜಗಲಿಯ ಮೇಲೆ ನಾಣ್ಯ ಎತ್ತಿಸಿದ್ದನ್ನು ಮಕ್ಕಳು ಬೇಲಿಯಾಚೆಯಿಂದ ನೋಡಿರುತ್ತಾರೆ. ಆದ್ದರಿಂದ ಉಳಿಸಿಕೊಳ್ಳಬಹುದಾದಷ್ಟನ್ನು ಮಾತ್ರ ಹೇಳಿದೆವು: "ನೀವು ಇದರಲ್ಲಿ ಸೇರಿದ್ದೀರಿ ಎಂಬುದು ಊರಿಗೆ ಗೊತ್ತಾಗಬಹುದು. ಅದನ್ನು ತಡೆಯಲು ನಮ್ಮಿಂದಾಗದು. ನೀವು ಏನು ಹೇಳಿದಿರಿ ಎಂಬುದು ನಮ್ಮಿಂದ ಗೊತ್ತಾಗುವುದಿಲ್ಲ. ನಿಮ್ಮ ಹೆಸರು ಒಂದು ಪಟ್ಟಿಯಲ್ಲಿ ಇರುತ್ತದೆ, ನಿಮ್ಮ ಉತ್ತರ ಇನ್ನೊಂದರಲ್ಲಿ ಇರುತ್ತದೆ. ಎರಡನ್ನೂ ಜೋಡಿಸುವುದು ಈ ಸಂಖ್ಯೆ ಮಾತ್ರ. ಹೆಸರಿನ ಪಟ್ಟಿ ನಮ್ಮ ತಂಡದ ಇಬ್ಬರ ಬಳಿ ಇರುತ್ತದೆ. ಕೆಲಸ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಲು ನಮ್ಮ ನೈತಿಕ ಸಮಿತಿಯವರು ಕೇಳಿದರೆ ಅವರಿಗೂ ತೋರಿಸಬೇಕಾಗುತ್ತದೆ."

ಹೆಸರು ತೆಗೆದರೆ ಸಾಕು ಎಂಬ ನಂಬಿಕೆಯೂ ಹಳ್ಳಿಯಲ್ಲಿ ನಡೆಯುವುದಿಲ್ಲ. ನಮ್ಮ ಪ್ರಶ್ನಾವಳಿಯಲ್ಲಿ ಉದ್ಯೋಗದ ಕಾಲಂ ಇತ್ತು. ಊರಿಗೊಬ್ಬರೇ ಅಂಗನವಾಡಿ ಕಾರ್ಯಕರ್ತೆ, ಒಬ್ಬರೇ ಪೂಜಾರಿ, ಒಂದೇ ಮನೆ ಕ್ಷೌರಿಕರದು. ಊರಿನ ಹೆಸರು, ವಯಸ್ಸು, ಉದ್ಯೋಗ ಮೂರೂ ಒಂದೇ ಸಾಲಿನಲ್ಲಿದ್ದರೆ ಹೆಸರು ಬರೆಯುವ ಅಗತ್ಯವೇ ಇಲ್ಲ, ಊರಿನವರು ಬೆರಳಿಟ್ಟು ತೋರಿಸುತ್ತಾರೆ. ಹಾಗಾಗಿ ಹೊರಗೆ ಹೋಗುವ ದತ್ತಾಂಶದಲ್ಲಿ ಉದ್ಯೋಗವನ್ನು "ಹೊಲದ ಕೆಲಸ" ಮತ್ತು "ಇತರೆ" ಎಂದು ಎರಡಕ್ಕೆ ಇಳಿಸಿದೆವು, ವಯಸ್ಸನ್ನು ಹತ್ತು ವರ್ಷದ ಗುಂಪುಗಳಲ್ಲಿ ಬರೆದೆವು. ಉತ್ತರ ಬರೆದುಕೊಳ್ಳುವ ಟ್ಯಾಬ್ಲೆಟ್ ತಾನಾಗಿ ಮನೆಯ ಜಿಪಿಎಸ್ ಸ್ಥಾನವನ್ನು ದಾಖಲಿಸುವುದನ್ನು ಮೊದಲೇ ನಿಲ್ಲಿಸಿಟ್ಟೆವು. ಸಮೀಕ್ಷಕರು ಮನೆಯವರ ಜೊತೆ ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದನ್ನು ನಿಷೇಧಿಸಿದೆವು. ಹಾಜರಾತಿಗಾಗಿ ಫೋಟೊ ಕಳಿಸುವ ರೂಢಿ ಇಂಥ ಕೆಲಸಗಳಲ್ಲಿ ಎಷ್ಟು ಗಟ್ಟಿಯಾಗಿದೆ ಎಂದರೆ ಈ ಒಂದನ್ನು ಜಾರಿಗೆ ತರುವುದೇ ಕಷ್ಟವಾಯಿತು. ಧ್ವನಿಯೂ ಗುರುತೇ ಆದ್ದರಿಂದ ಒಪ್ಪಿಗೆಯ ಭಾಗವನ್ನು ಮಾತ್ರ ಮುದ್ರಿಸಿ, ಅದನ್ನು ಉತ್ತರಗಳಿಂದ ಬೇರೆಯಾಗಿ ಇಟ್ಟೆವು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸಂಶೋಧನೆಗೆ ವಿನಾಯಿತಿ ಕೊಡುತ್ತದೆ, ಅದರಿಂದ ಇಷ್ಟೆಲ್ಲ ಏಕೆ ಎಂದು ತಂಡದಲ್ಲಿ ಒಬ್ಬರು ಕೇಳಿದರು. ವಿನಾಯಿತಿ ಇದೆ, ನಿಜ. ಆದರೆ ಗೊತ್ತುಪಡಿಸಿದ ಮಾನದಂಡ ಪಾಲಿಸಬೇಕು, ಆ ಮಾಹಿತಿಯನ್ನು ಬಳಸಿ ಆ ವ್ಯಕ್ತಿಯ ಬಗ್ಗೆಯೇ ಯಾವ ತೀರ್ಮಾನವನ್ನೂ ಕೈಗೊಳ್ಳಬಾರದು ಎಂಬ ಷರತ್ತಿನ ಮೇಲೆ. ಪಡಿತರ ಚೀಟಿಗೂ ಇದಕ್ಕೂ ಸಂಬಂಧವಿಲ್ಲ ಎಂದು ನಾವು ಜಗಲಿಯ ಮೇಲೆ ಕೊಟ್ಟ ಮಾತೂ ಅದೇ. ನೈತಿಕ ಸಮಿತಿಯ ನಿಯಮವಂತೂ ಈ ಕಾಯ್ದೆಯಿಂದ ಸಡಿಲವಾಗುವುದಿಲ್ಲ.

ಊರಿನ ಗೋಪ್ಯತೆ ಎಂಬುದೊಂದಿದೆ ಎಂದು ನನಗೆ ಕಲಿಸಿದವರು ಊರಿನವರೇ. ನಮ್ಮ ಮಾತನ್ನು ಕೆಲವು ಮನೆಗಳಲ್ಲಿ ಪ್ರಯೋಗ ಮಾಡಿ ನೋಡುತ್ತಿದ್ದಾಗ ಒಬ್ಬ ಅಕ್ಕ ನೇರವಾಗಿ ಕೇಳಿದರು: "ನನ್ನ ಹೆಸರು ಬರುವುದಿಲ್ಲ, ಸರಿ. ನಮ್ಮೂರ ಹೆಸರು ಪೇಪರಿನಲ್ಲಿ ಬಂದರೆ ನಮ್ಮ ಹುಡುಗರಿಗೆ ಹೆಣ್ಣು ಕೊಡುವವರು ಯಾರು?" ಹಲ್ಲಿನ ಮೇಲಿನ ಕಂದು ಕಲೆ ನೋಡಿ ಸಂಬಂಧ ತಪ್ಪಿಸುವುದು ಫ್ಲೋರೈಡ್ ಊರುಗಳಲ್ಲಿ ಹಳೆಯ ನೋವು. ಒಬ್ಬೊಬ್ಬರ ಒಪ್ಪಿಗೆಯಿಂದ ಈ ಅಪಾಯ ತಪ್ಪುವುದಿಲ್ಲ, ಏಕೆಂದರೆ ಸೇರದವರಿಗೂ ಅದು ತಟ್ಟುತ್ತದೆ. ವರದಿಯಲ್ಲಿ ತಾಲ್ಲೂಕಿನ ಹೆಸರು ಮಾತ್ರ ಇರುತ್ತದೆ, ಊರುಗಳಿಗೆ ಅಕ್ಷರದ ಗುರುತು ಇರುತ್ತದೆ ಎಂದು ಬದಲಿಸಿಕೊಂಡು ಸಮಿತಿಗೆ ಮತ್ತೆ ಒಪ್ಪಿಸಿದೆವು. ಸಾರ್ವಜನಿಕ ಕೊಳವೆ ಬಾವಿಗಳ ಫಲಿತಾಂಶವನ್ನು ಆಯಾ ಗ್ರಾಮ ಪಂಚಾಯಿತಿಗೆ ಮಾತ್ರ ನೇರವಾಗಿ ಕೊಡುತ್ತೇವೆ ಎಂದು ಮಾತಿನಲ್ಲೂ ಸೇರಿಸಿದೆವು. ಊರಿನವರಿಗೆ ಗೊತ್ತಾಗಲೇಬೇಕಾದ ನೀರು ಅದು.

ಖಾಸಗಿ ಕೊಳವೆ ಬಾವಿಯದು ಬೇರೆಯದೇ ಸಿಕ್ಕು. ಬೇಸಿಗೆಯಲ್ಲಿ ಟ್ಯಾಂಕರಿನಲ್ಲಿ ನೀರು ಮಾರುವ ಒಬ್ಬರು ಅಧ್ಯಯನಕ್ಕೆ ಸೇರಲು ಒಪ್ಪಿದರು, ಮೂತ್ರದ ಮಾದರಿಗೂ ಒಪ್ಪಿದರು. ಅವರಿಗೆ ಅಂಜಿಕೆಯಿದ್ದದ್ದು ನೀರಿನ ಬಾಟಲಿಯ ಮೇಲೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆಯಬಹುದು ಎಂಬುದು ಭಾರತೀಯ ಮಾನಕ. ಅವರ ಬಾವಿಯದು ಅದನ್ನು ಮೀರಿದೆ ಎಂದು ಊರಿಗೆ ತಿಳಿದರೆ ವ್ಯಾಪಾರ ಮುಗಿಯಿತು. ನಾವು ಆರೋಗ್ಯದ ಮಾಹಿತಿಯನ್ನೇ ಸೂಕ್ಷ್ಮ ಎಂದುಕೊಂಡು ಕಾಪಾಡುತ್ತಿದ್ದಾಗ, ಆ ಮನೆಗೆ ಸೂಕ್ಷ್ಮವಾಗಿದ್ದುದು ನೀರು. ಇನ್ನೊಂದು ಬದಿಯಲ್ಲಿ, ಆ ನೀರನ್ನು ಕೊಂಡು ಕುಡಿಯುವ ಮನೆಗಳಿವೆ. ಎರಡು ಕಡೆಗೂ ನ್ಯಾಯವಾಗುವ ಮಾತು ಬೇಕಿತ್ತು. ಸಮಿತಿಯ ಸಲಹೆಯಂತೆ ಇಂಥವರಿಗೆ ಒಪ್ಪಿಗೆಗೆ ಮೊದಲೇ ಹೀಗೆ ಹೇಳುತ್ತಿದ್ದೆವು: "ನಿಮ್ಮ ಬಾವಿಯ ಫಲಿತಾಂಶವನ್ನು ನಿಮಗೆ ಮಾತ್ರ ಹೇಳುತ್ತೇವೆ. ಆದರೆ ನಿಮ್ಮಿಂದ ನೀರು ಕೊಳ್ಳುವ ಮನೆಯವರು ತಮ್ಮ ಬಿಂದಿಗೆಯ ನೀರನ್ನು ಪರೀಕ್ಷೆಗೆ ಕೊಟ್ಟಿದ್ದರೆ ಅವರಿಗೆ ಅವರ ಬಿಂದಿಗೆಯ ಫಲಿತಾಂಶ ಸಿಗುತ್ತದೆ. ಅದನ್ನು ನಾವು ತಡೆಯುವುದಿಲ್ಲ." ಅವರು ಸ್ವಲ್ಪ ಹೊತ್ತು ಯೋಚಿಸಿ, ಮಾತುಕತೆ ಮತ್ತು ಮೂತ್ರಕ್ಕೆ ಒಪ್ಪಿ ನೀರನ್ನು ಬಿಟ್ಟರು. ನಾವು ಅಷ್ಟನ್ನೇ ತೆಗೆದುಕೊಂಡು ಬಂದೆವು. ಲೆಕ್ಕದಲ್ಲಿ ಆ ಮನೆಯ ಒಂದು ಕೋಶ ಖಾಲಿ ಉಳಿಯಿತು, ಉಳಿಯಲಿ.

ಮಾತು ಬರೆದರೆ ಮುಗಿಯಲಿಲ್ಲ, ಅದನ್ನು ಹೇಳುತ್ತಿದ್ದಾರೆಯೇ ಎಂದು ನೋಡಬೇಕು. ಪೂರ್ತಿ ಮಾತನ್ನು ಆತುರವಿಲ್ಲದೆ ಹೇಳಲು ಎಂಟು ನಿಮಿಷ ಬೇಕು, ಪ್ರಶ್ನೆಗಳು ಬಂದರೆ ಇನ್ನೂ ಹೆಚ್ಚು. ಸಂಜೆ ಒಪ್ಪಿಗೆಯ ಧ್ವನಿ ಮುದ್ರಣಗಳ ಪಟ್ಟಿ ತೆರೆದರೆ ಮೂರು ನಿಮಿಷದವು ಕಣ್ಣಿಗೆ ಬೀಳುತ್ತಿದ್ದವು. ಅವುಗಳಲ್ಲಿ ಏನೋ ಹಾರಿಹೋಗಿದೆ ಎಂದೇ ಅರ್ಥ. ಹಾರಿಸುತ್ತಿದ್ದುದು ಹೆಚ್ಚಾಗಿ ಬೇಡ ಎನ್ನಬಹುದು ಎಂಬ ಭಾಗವನ್ನೇ, ಏಕೆಂದರೆ ಅದನ್ನು ಹೇಳಿದರೆ ಮನೆ ಕೈತಪ್ಪುತ್ತದೆ ಎಂಬ ಅಳುಕು. ಮುದ್ರಣ ಉದ್ದವಾಗಿದ್ದರೂ ಅದರಲ್ಲಿ ಎದುರಿನವರ ದನಿ "ಹೂಂ, ಹೂಂ" ಬಿಟ್ಟು ಬೇರೇನೂ ಇಲ್ಲದಿದ್ದರೆ ಆ ಮನೆಗೆ ಮೇಲ್ವಿಚಾರಕರು ಮತ್ತೊಮ್ಮೆ ಹೋಗಿ ಮೂರು ಪ್ರಶ್ನೆ ಕೇಳುತ್ತಿದ್ದರು. ಒಬ್ಬ ಸಮೀಕ್ಷಕರಿಗೆ ಒಂದು ಊರಿನಲ್ಲಿ ಒಂದೇ ಒಂದು ನಿರಾಕರಣೆಯೂ ಬರಲಿಲ್ಲವೆಂದರೆ ನಾವು ಹೊಗಳುತ್ತಿರಲಿಲ್ಲ, ಅವರ ಜೊತೆ ಮರುದಿನ ನಾನೇ ಹೋಗಿ ಕೂರುತ್ತಿದ್ದೆ. ಸಂಬಳವನ್ನು ಸೇರಿಸಿದ ತಲೆಗಳ ಲೆಕ್ಕಕ್ಕೆ ಕಟ್ಟದೆ ದಿನದ ಲೆಕ್ಕಕ್ಕೆ ಕೊಡಿ ಎಂದು ನಾನು ಹಟ ಹಿಡಿದದ್ದೂ ಇದೇ ಕಾರಣಕ್ಕೆ. ತಲೆಗಿಷ್ಟು ಎಂದು ಕೊಟ್ಟರೆ ಎಂಥ ಒಳ್ಳೆಯ ಮಾತನ್ನು ಬರೆದುಕೊಟ್ಟರೂ ಅದು ಮೂರು ನಿಮಿಷಕ್ಕೆ ಇಳಿಯುತ್ತದೆ.

ಪಾವಗಡದ ಕಡೆ ಮನೆಮಾತು ತೆಲುಗಾಗಿರುವ ಕುಟುಂಬಗಳು ಬಹಳ. ಅವರಿಗಾಗಿ ತೆಲುಗಿನಲ್ಲೂ ಮಾತು ಸಿದ್ಧಪಡಿಸಿ, ಸಮಿತಿಯ ಅನುಮತಿ ಪಡೆದು, ತೆಲುಗು ಬಲ್ಲವರನ್ನೇ ಆ ಮನೆಗಳಿಗೆ ಕಳಿಸಿದೆವು.

ಹಿಂದಕ್ಕೆ ಪಡೆಯುವ ಹಕ್ಕಿನ ಬಗ್ಗೆ ಇನ್ನಷ್ಟು ಹೇಳಬೇಕು. "ಯಾವಾಗ ಬೇಕಾದರೂ ಹಿಂದೆ ಸರಿಯಬಹುದು" ಎಂಬ ಸಾಮಾನ್ಯ ವಾಕ್ಯ ಪೂರ್ತಿ ನಿಜವಲ್ಲ. ಹೆಸರಿನ ಪಟ್ಟಿ ಇರುವವರೆಗೆ ಮಾತ್ರ ಯಾರ ಉತ್ತರ ಯಾವುದು ಎಂದು ಹುಡುಕಿ ಅಳಿಸಬಹುದು. ಪಟ್ಟಿಯನ್ನು ನಾಶಮಾಡಿದ ಮೇಲೆ, ಎಲ್ಲರ ಉತ್ತರಗಳು ಕೂಡಿ ಸರಾಸರಿಯಾದ ಮೇಲೆ, ಒಬ್ಬರದನ್ನು ಹೊರತೆಗೆಯಲು ಆಗದು. ಆದ್ದರಿಂದ ಗಡುವು ಹೇಳಿದೆವು, ಅದನ್ನೂ ನೆನಪಿನಲ್ಲಿ ಉಳಿಯುವಂತೆ: "ಬರುವ ಯುಗಾದಿಯವರೆಗೆ ನೀವು ಒಂದು ಫೋನ್ ಮಾಡಿದರೆ ನಿಮ್ಮದನ್ನೆಲ್ಲ ಅಳಿಸುತ್ತೇವೆ. ಯುಗಾದಿ ಕಳೆದ ಮೇಲೆ ಅಳಿಸಲು ಆಗುವುದಿಲ್ಲ, ಏಕೆಂದರೆ ಆಗ ಯಾವುದು ನಿಮ್ಮದು ಎಂದು ನಮಗೂ ಗೊತ್ತಿರುವುದಿಲ್ಲ." ಜೊತೆಗೆ ಅಂಗೈಯಗಲದ ಒಂದು ಚೀಟಿ ಕೊಡುತ್ತಿದ್ದೆವು. ಅದರಲ್ಲಿ ಅವರ ಸಂಖ್ಯೆ, ನಮ್ಮ ಫೋನ್, ದೂರಿಗಾಗಿ ಸಮಿತಿಯ ಫೋನ್ ಮತ್ತು ಗಡುವಿನ ತಾರೀಖು ಇರುತ್ತಿದ್ದವು. ಅಧ್ಯಯನದ ಹೆಸರಿನಲ್ಲಿ ಫ್ಲೋರೈಡ್ ಎಂಬುದನ್ನಾಗಲಿ, ಕಾಯಿಲೆಯ ಹೆಸರನ್ನಾಗಲಿ ಚೀಟಿಯಲ್ಲಿ ಅಚ್ಚು ಹಾಕಿಸಲಿಲ್ಲ. ಅದು ಗೋಡೆಯ ಮೊಳೆಗೆ ಸಿಕ್ಕಿಸಿಡುವ ಚೀಟಿ, ಬಂದವರೆಲ್ಲ ನೋಡುತ್ತಾರೆ.

ಯುಗಾದಿಗೆ ಮೊದಲು ಕೆಲವರು ಫೋನ್ ಮಾಡಿದರು. ಒಬ್ಬರ ಧ್ವನಿ ಮುದ್ರಣ ಮಾತ್ರ ಅಳಿಸಬೇಕಿತ್ತು, ಉಳಿದದ್ದು ಇರಲಿ ಎಂದರು. ಇನ್ನೊಬ್ಬರು ಸೊಸೆಯ ಕೈಯಲ್ಲಿ ಫೋನ್ ಮಾಡಿಸಿ ಎಲ್ಲವನ್ನೂ ತೆಗೆಯಿರಿ ಎಂದರು. ಸೊಸೆಯ ಮಾತಿನ ಮೇಲೆ ಅಳಿಸಲೂ ನಮಗೆ ಹಕ್ಕಿರಲಿಲ್ಲ. ಫೋನನ್ನು ಅತ್ತೆಗೆ ಕೊಡಿ ಎಂದೆ, ಅತ್ತೆ ತಮ್ಮ ಬಾಯಿಂದಲೇ ಹೇಳಿದರು. ಕಾರಣ ಕೇಳಲಿಲ್ಲ. ಅವರ ಚೀಟಿಯ ಸಂಖ್ಯೆ ಓದಿಸಿಕೊಂಡು ಉತ್ತರಗಳನ್ನೂ ಮುದ್ರಣವನ್ನೂ ಅಳಿಸಿ, ನೀರಿನ ಮತ್ತು ಮೂತ್ರದ ಡಬ್ಬಿಗಳನ್ನು ಖಾಲಿ ಮಾಡಿಸಿ, ಅಳಿಸಲಾಗಿದೆ ಎಂದು ದಿನಾಂಕ ಹಾಕಿ ಬರೆದಿಟ್ಟು, ಅದೇ ಸಂಜೆ ಮರಳಿ ಫೋನ್ ಮಾಡಿ ತಿಳಿಸಿದೆ. "ಹಾಗಾದರೆ ಆ ನೂರೈವತ್ತು ವಾಪಸ್ ಕೊಡಬೇಕೇನಮ್ಮಾ?" ಎಂದು ಅವರು ಕೇಳಿದರು. ಕೊಡಬೇಕಾಗಿಲ್ಲ ಎಂದೆ. ಆ ಪ್ರಶ್ನೆಗೆ ಉತ್ತರವನ್ನು ಅಂದೇ ಮಾತಿನಲ್ಲಿ ಸೇರಿಸಲು ಸಮಿತಿಗೆ ಬರೆದೆ. ಮುಂದಿನ ಊರುಗಳಲ್ಲಿ ಗಡುವಿನ ವಾಕ್ಯದ ಬೆನ್ನಿಗೇ "ಹಿಂದೆ ಸರಿದರೂ ದುಡ್ಡು ನಿಮ್ಮದೇ, ಮರಳಿಸಬೇಕಾಗಿಲ್ಲ" ಎಂಬುದೂ ಬಂತು.